ಲಕ್ವ ಹೊಡೆದಾಗ ಮೊದಲ ಹತ್ತು ನಿಮಿಷ: ಮಡಿಕೇರಿ ಬಸ್ ನಿಲ್ದಾಣದವರಿಗೆ, ಅಂಗಡಿಯವರಿಗೆ

ಎಲ್ಲರಿಗೂ ನಮಸ್ಕಾರ. ವ್ಯಾಪಾರದ ಹೊತ್ತು ಬಿಟ್ಟು ಬಂದಿದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇವೆ.

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್, ಹೆಸರು ಏನೇ ಇರಲಿ, ತೊಂದರೆ ಇರುವುದು ಮಿದುಳಿನಲ್ಲಿ. ಹೆಚ್ಚಿನವರಲ್ಲಿ ಮಿದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಬರುತ್ತದೆ, ಕೆಲವರಲ್ಲಿ ನಾಳ ಒಡೆದು ರಕ್ತ ಸೋರುತ್ತದೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಮೈಸೂರು ಇಲ್ಲಿಂದ ಸುಮಾರು 120 ಕಿ.ಮೀ. ಮಳೆಗಾಲದ ರಸ್ತೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮಗೇ ಗೊತ್ತು. ಹಾಗಾಗಿ ನಿಲ್ದಾಣದಲ್ಲಿ ಕಳೆದ ಅರ್ಧ ಗಂಟೆಯೂ ದುಬಾರಿ.

ಗುರುತಿಸುವುದು ಕಷ್ಟವಿಲ್ಲ. ಟಿಕೆಟ್‌ಗೆ ಬಂದವರ ಕೈಯಿಂದ ಚಿಲ್ಲರೆ ಜಾರುತ್ತದೆ, ಬಗ್ಗಿ ಹೆಕ್ಕಲು ಆಗುವುದಿಲ್ಲ, ಏನೋ ತೊದಲುತ್ತಾರೆ. ಆಗ ಮೂರು ಪರೀಕ್ಷೆ ಮಾಡಿ. ಹಲ್ಲು ತೋರಿಸಿ ನಗಲು ಹೇಳಿ: ಬಾಯಿಯ ಒಂದು ಮೂಲೆ ಇಳಿಯುತ್ತದೆಯೇ? ಕಣ್ಣು ಮುಚ್ಚಿ ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ: ಒಂದು ಕೈ ತಾನಾಗಿ ಕೆಳಗೆ ಬರುತ್ತದೆಯೇ? 'ಇವತ್ತು ಮಡಿಕೇರಿಯಲ್ಲಿ ಮಳೆ ಜೋರಾಗಿದೆ' ಎಂದು ಹೇಳಿಸಿ: ತೊದಲುತ್ತದೆಯೇ, ಪದ ತಪ್ಪುತ್ತದೆಯೇ, ಹೇಳಿದ್ದೇ ಅರ್ಥವಾಗುತ್ತಿಲ್ಲವೇ? ಒಂದು ತಪ್ಪಿದರೂ ಸಾಕು, ಮೂರಕ್ಕಾಗಿ ಕಾಯಬೇಡಿ. ಮೂರೂ ಸರಿಯಿದ್ದರೂ ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಅದೂ ಲಕ್ವ ಇರಬಹುದು. ತೂರಾಡುವವರನ್ನೆಲ್ಲ 'ಕುಡಿದಿದ್ದಾನೆ' ಎಂದು ಬೆಂಚಿನ ಮೇಲೆ ಮಲಗಿಸಿ ಬಿಡುವುದೇ ನಮ್ಮಲ್ಲಿ ದೊಡ್ಡ ತಪ್ಪು. ವಾಸನೆ ಬಂದರೂ ಪರೀಕ್ಷೆ ಮಾಡಿ; ಕುಡಿದವರಿಗೂ ಲಕ್ವ ಹೊಡೆಯುತ್ತದೆ.

ಒಬ್ಬರು ಕೂಡಲೇ 108ಕ್ಕೆ ಕರೆ ಮಾಡಿ. 'ಸ್ಟ್ರೋಕ್ ಅನುಮಾನ' ಎಂಬ ಮಾತು ಮೊದಲು ಬರಲಿ. 'ತಲೆ ತಿರುಗಿ ಬಿದ್ದಿದ್ದಾರೆ' ಎಂದರೆ ಗಂಭೀರತೆ ತಿಳಿಯುವುದಿಲ್ಲ. ಯಾವ ನಿಲ್ದಾಣ, ಯಾವ ಗೇಟು, ಎದುರಿಗೆ ಯಾವ ಅಂಗಡಿ ಎಂದು ಹೇಳಿ. ಆಂಬುಲೆನ್ಸ್ ತಡವಾಗುತ್ತದೆ ಎಂದರೆ ಟ್ಯಾಕ್ಸಿಯಲ್ಲೇ ಹೊರಡಿ, ಆದರೆ ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೇ. ಸ್ಕ್ಯಾನ್ ಇಲ್ಲದ ಕ್ಲಿನಿಕ್‌ಗೆ ಹೋಗಿ ಚೀಟಿ ಬರೆಸಿಕೊಳ್ಳುವ ಹೊತ್ತು ವ್ಯರ್ಥ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ, ಸ್ಕ್ಯಾನ್ ಈಗ ನಡೆಯುತ್ತಿದೆಯೇ ಎಂದು ಕೇಳಿ.

ಇನ್ನೊಬ್ಬರ ಕೆಲಸ ಗಡಿಯಾರ ನೋಡುವುದು. 'ಯಾವಾಗ ಬಿದ್ದರು?' ಎನ್ನುವುದಕ್ಕಿಂತ 'ಕೊನೆಯದಾಗಿ ಸರಿಯಾಗಿದ್ದದ್ದು ಯಾವಾಗ?' ಎಂಬುದೇ ವೈದ್ಯರಿಗೆ ಬೇಕಾದದ್ದು. ರಾತ್ರಿ ಬಸ್ಸಿನಲ್ಲಿ ಮಲಗಿದವರು ಬೆಳಿಗ್ಗೆ ಇಳಿಯುವಾಗ ಕಾಲು ಊರಲಾರದಿದ್ದರೆ, ಎದ್ದ ಹೊತ್ತನ್ನಲ್ಲ, ಮಲಗುವ ಮುಂಚೆ ಮಾತಾಡಿದ ಹೊತ್ತನ್ನು ಬರೆಯಬೇಕು. ಕಂಡಕ್ಟರನ್ನೋ ಪಕ್ಕದ ಸೀಟಿನವರನ್ನೋ ಅವರು ಹೋಗುವ ಮುಂಚೆಯೇ ಕೇಳಿ. ಅದನ್ನು ಚೀಟಿಯಲ್ಲಿ ಬರೆದು ರೋಗಿಯ ಜೇಬಿಗೆ ಹಾಕಿ. ಚೀಲದಲ್ಲಿರುವ ಮಾತ್ರೆಗಳನ್ನೂ ಜೊತೆಗೆ ಕಳಿಸಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಚಿಕಿತ್ಸೆಯೇ ಬದಲಾಗಬಹುದು.

ಮಾಡಬಾರದ್ದು: ನೀರು, ಕಾಫಿ, ಸಕ್ಕರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಬೇಡ; ಒಳಗೆ ರಕ್ತ ಸೋರುತ್ತಿದ್ದರೆ ಇನ್ನೂ ಹೆಚ್ಚಾಗುತ್ತದೆ. ಮೆಡಿಕಲ್ ಶಾಪಿನವರು ದಯವಿಟ್ಟು ಗಮನಿಸಿ, ಬಿ.ಪಿ. ಜಾಸ್ತಿಯಿದೆ ಎಂದು ನಾಲಿಗೆ ಕೆಳಗೆ ಮಾತ್ರೆ ಇಡಬೇಡಿ. ಬಿ.ಪಿ. ದಿಢೀರ್ ಇಳಿದರೆ ಮಿದುಳಿಗೆ ಹೋಗುವ ರಕ್ತ ಮತ್ತೂ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಗ್ಲುಕೋಮೀಟರ್ ಇದ್ದರೆ ಶುಗರ್ ನೋಡಿ ಚೀಟಿಯಲ್ಲಿ ಬರೆಯಿರಿ: ಶುಗರ್ ತೀರಾ ಇಳಿದಾಗಲೂ ಹೀಗೇ ಕಾಣುತ್ತದೆ. ಎಣ್ಣೆ ತಿಕ್ಕುವುದು, ಕೈಕಾಲು ಎಳೆಯುವುದು ಯಾವುದೂ ಬೇಡ.

ಎಚ್ಚರವಿದ್ದರೆ ತಲೆ, ಭುಜ ಸ್ವಲ್ಪ ಎತ್ತರವಾಗಿ ಮಲಗಿಸಿ, ಕಾಲರ್ ಸಡಿಲಿಸಿ, ಒದ್ದೆ ಬಟ್ಟೆಯಿದ್ದರೆ ಕಂಬಳಿ ಹೊದಿಸಿ. ಎಚ್ಚರ ತಪ್ಪಿ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಉಸಿರೇ ಇಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ, 108ರವರು ಫೋನಿನಲ್ಲಿ ಹೇಳುವಂತೆ ಮುಂದುವರಿಸಿ.

ಹತ್ತು ನಿಮಿಷದಲ್ಲಿ ಬಾಯಿ ನೆಟ್ಟಗಾಗಿ, 'ಈಗ ಏನೂ ಇಲ್ಲ, ಬಸ್ ಹೊರಡುತ್ತೆ' ಎಂದರೂ ಬಿಡಬೇಡಿ. ಅದು ಮುನ್ಸೂಚನೆ, ಮುಂದಿನ ಎರಡು ದಿನ ಅಪಾಯ ಹೆಚ್ಚು. ಅವತ್ತೇ ಆಸ್ಪತ್ರೆಗೆ ಕಳಿಸಿ.

ಈಗ ಇಬ್ಬಿಬ್ಬರು ಎದುರುಬದುರು ನಿಲ್ಲಿ. ಒಬ್ಬರು ಕಣ್ಣು ಮುಚ್ಚಿ ಕೈ ಚಾಚಿ, ಇನ್ನೊಬ್ಬರು ಹತ್ತು ಎಣಿಸಿ.