ನ ಅನ್ನೋ ಅಕ್ಷರ

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನಾನು ಲೆಕ್ಕ ಬರೆಯುವ ದಲಾಲಿ ಅಂಗಡಿ ಇದೆ. ಅಲ್ಲಿಂದ 30 ಹೆಜ್ಜೆ ನಡೆದರೆ ರುದ್ರಣ್ಣನ ಟೀ ಅಂಗಡಿ. ತಗಡಿನ ಡಬ್ಬಿ, ಎರಡು ಒಲೆಯ ಗ್ಯಾಸ್ ಸ್ಟೌ, ಬಿಸ್ಕತ್ ಡಬ್ಬಗಳು, ಮುಂದೆ ಒಂದು ಕಲ್ಲು ಬೆಂಚು. ದಸರಾ ಮುಗಿದು ಮೆಕ್ಕೆಜೋಳ ಬರೋಕೆ ಶುರುವಾಯಿತು ಅಂದರೆ ಆ ಬೆಂಚಿನ ಮೇಲೆ ಜಾಗ ಸಿಗಲ್ಲ. ಹಮಾಲರು, ಲಾರಿ ಡ್ರೈವರುಗಳು, ಜಗಳೂರು ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದ ರೈತರು, ಎಲ್ಲರೂ ಅಲ್ಲೇ.

ರುದ್ರಣ್ಣ ಜಾಸ್ತಿ ಮಾತಾಡಲ್ಲ. ಅವನಿಗೆ ಉಗ್ಗು ಇದೆ. ಚಿಕ್ಕಂದಿನಿಂದಲೂ ಇದೆ. ಈಗ ಅವನಿಗೆ 52.

"ರುದ್ರಣ್ಣ, ನಾಕು ಅರ್ಧ!" ಅಂದರೆ ತಲೆ ಆಡಿಸುತ್ತಾನೆ. ಸಕ್ಕರೆ ಕಮ್ಮಿ ಬೇಕಾ ಅಂತ ಕೇಳಬೇಕಾದರೆ ಚಮಚ ಎತ್ತಿ ತೋರಿಸುತ್ತಾನೆ. ದುಡ್ಡು ಬಂತಾ ಅನ್ನೋ ಮಾತೇ ಬೇಕಾಗಲ್ಲ, ಸ್ಕ್ಯಾನ್ ಮಾಡಿದ ಕೂಡಲೇ ಪೆಟ್ಟಿಗೆ ತಾನೇ ಕೂಗುತ್ತದೆ. ಆ ಪೆಟ್ಟಿಗೆ ಬಂದ ಮೇಲೆ ರುದ್ರಣ್ಣನ ಮಾತು ಇನ್ನೂ ಕಮ್ಮಿಯಾಯಿತು. ಅವನು ಏನಾದರೂ ಹೇಳೋಕೆ ಬಾಯಿ ತೆರೆದರೆ ಎದುರಿಗಿದ್ದವರೇ ಆ ಮಾತು ಮುಗಿಸಿಬಿಡುತ್ತಾರೆ. "ಚಿ... ಚಿ..." ಅಂದರೆ "ಚಿಲ್ಲರೆನಾ? ತಗೋ." ನಾನೂ ಹಾಗೇ ಮಾಡುತ್ತಿದ್ದೆ. 11 ವರ್ಷ ಮಾಡಿದ್ದೇನೆ. ಅವನಿಗೆ ಸಹಾಯ ಮಾಡುತ್ತಿದ್ದೇನೆ ಅಂತಲೇ ತಿಳಿದಿದ್ದೆ.

ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ವಿಷಯ ಗಮನಿಸಿದೆ. ಗಿರಾಕಿ ಹೋಗಿ ಇನ್ನೊಬ್ಬರು ಬರೋ ಮಧ್ಯೆ ಒಂದು ಸಣ್ಣ ಬಿಡುವು ಇರುತ್ತದಲ್ಲ, ಆಗೆಲ್ಲ ರುದ್ರಣ್ಣ ಮೇಜಿನ ಕೆಳಗೆ ಬಗ್ಗುತ್ತಿದ್ದ. ಹಾಲಿನ ಪ್ಯಾಕೆಟ್ ಇಡುವ ಜಾಗದಲ್ಲಿ ಫೋನು ಒರಗಿಸಿರುತ್ತಿತ್ತು. ಅದನ್ನು ಒತ್ತಿ, ಮೆಲ್ಲಗೆ ಏನೋ ಅಂದು, ಪರದೆ ನೋಡಿ ಏಳುತ್ತಿದ್ದ. ಯಾರಾದರೂ ಬಂದರೆ ಫೋನಿನ ಮೇಲೆ ಟವೆಲ್ ಹಾಕುತ್ತಿದ್ದ.

ಒಂದು ಮಧ್ಯಾಹ್ನ, ಟೆಂಡರ್ ಮುಗಿದು ಯಾರ್ಡು ತಣ್ಣಗಾಗಿದ್ದ ಹೊತ್ತು, ನಾನು ಹಿಂದಿನಿಂದ ಬಂದೆ. ಅವನು ನೋಡಲಿಲ್ಲ.

"ಹಲೋ" ಅಂದ ಫೋನಿಗೆ. ಸಲೀಸಾಗಿ ಬಂತು. ಆಮೇಲೆ ಉಸಿರು ಎಳೆದುಕೊಂಡ. "ನ... ನನ್... ನ..."

ಪರದೆಯ ಮೇಲೆ "ನನ್ನ" ಅಂತ ಮೂಡಿತು. ಫೋನಿನೊಳಗಿನ ಹುಡುಗಿಯ ದನಿ ಅರ್ಥವಾಗಲಿಲ್ಲ ಅನ್ನೋ ಹಾಗೆ ಏನೋ ಹೇಳಿತು. ರುದ್ರಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಮತ್ತೆ ಒತ್ತಿದ. ಐದನೇ ಸಲವೋ ಆರನೇ ಸಲವೋ ಪರದೆಯ ಮೇಲೆ "ನಮಸ್ಕಾರ" ಅಂತ ಬಂತು. ಅವನ ಮುಖದಲ್ಲಿ ಅಂಥ ನಗು ನಾನು ಅದುವರೆಗೆ ನೋಡಿರಲಿಲ್ಲ.

ಆಗ ತಿರುಗಿ ನನ್ನನ್ನು ನೋಡಿದ. ಟವೆಲ್ಲಿಗೆ ಕೈ ಹಾಕಿ, ಹಾಗೇ ಬಿಟ್ಟ.

ಅವತ್ತು ಅವನು ಹೇಳಿದ್ದನ್ನು ಕೇಳೋಕೆ ಮುಕ್ಕಾಲು ಗಂಟೆ ಹಿಡಿಯಿತು. ನಾನು ಇಲ್ಲಿ ಸಲೀಸಾಗಿ ಬರೆಯುತ್ತಿದ್ದೇನೆ, ಅವನು ಹಾಗೆ ಹೇಳಲಿಲ್ಲ. ಮಗಳು ಪವಿತ್ರಾಳನ್ನು ನೋಡೋಕೆ ಚಿತ್ರದುರ್ಗದಿಂದ ಬೀಗರಾಗುವವರು ಬರುತ್ತಾರೆ. ಬಾಗಿಲಲ್ಲಿ ನಿಂತು ನಮಸ್ಕಾರ ಅನ್ನಬೇಕಾದವನು ಹುಡುಗಿಯ ಅಪ್ಪ. ಹಿಂದೆ ಒಬ್ಬರು ಬಂದಿದ್ದಾಗ ಆ ಮಾತು ಬರಲಿಲ್ಲ. ಹೆಂಡತಿ ಗೌರಮ್ಮನೇ ಅಂದಳು. ಬಂದವರು ಅಡುಗೆಮನೆಗೆ ಕೇಳೋ ಹಾಗೆಯೇ ಕೇಳಿದರಂತೆ, ಇದು ಮನೆತನದಲ್ಲಿ ಇದೆಯಾ ಅಂತ. ಪವಿತ್ರಾ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಅಪ್ಪನ ಫೋನಿಗೆ ಕನ್ನಡ ಹಾಕಿಕೊಟ್ಟು, ಇದಕ್ಕೆ ಎಷ್ಟು ಸಲ ಹೇಳಿದರೂ ಸಿಟ್ಟು ಬರಲ್ಲ ಅಪ್ಪ ಅಂದಳಂತೆ.

"ಹಲೋ ಹೆಂಗೆ ಸರಾಗ ಬರುತ್ತೆ?" ಅಂತ ಕೇಳಿದೆ.

ಅವನು ಇದನ್ನೆಲ್ಲ ಎಷ್ಟು ಯೋಚನೆ ಮಾಡಿದ್ದಾನೆ ಅಂತ ಆಗ ಗೊತ್ತಾಯಿತು. ಹ ಅನ್ನೋದು ಬರೀ ಉಸಿರು. ಬಾಯಲ್ಲಿ ಎಲ್ಲೂ ತಡೆ ಇಲ್ಲ. ನ ಅನ್ನೋಕೆ ನಾಲಿಗೆ ಹಲ್ಲಿನ ಹಿಂದೆ ಹೋಗಿ ಒತ್ತಬೇಕು. ಒತ್ತಿದ್ದು ಬಿಡೋದೇ ಇಲ್ಲ, ಅಲ್ಲೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಮೊದಲು ಹಲೋ ಅಂದು, ಆ ಉಸಿರಿನ ಬೆನ್ನ ಮೇಲೇ ನಮಸ್ಕಾರವನ್ನು ಕೂರಿಸೋಕೆ ನೋಡುತ್ತಿದ್ದ. ಮನೆಗೆ ಹೋಗಿ ನಾನೂ ಹ, ನ, ಹ, ನ ಅಂದು ನೋಡಿದೆ. ಹೌದು.

ಶ್ರಾವಣದ ಭಜನೆಯಲ್ಲಿ ಅವನು ಒಂದು ಸಲವೂ ತಡವರಿಸಲ್ಲ ಅನ್ನೋದೂ ನೆನಪಾಯಿತು. ಒಬ್ಬನೇ ಇದ್ದಾಗ ಗೋಡೆಗೆ ಹೇಳಿದರೂ ಸರಾಗವಾಗಿ ಬರುತ್ತದಂತೆ. ಕೇಳೋ ಮುಖ ಎದುರಿಗೆ ಇದ್ದರೇ ಕಷ್ಟ. ಫೋನು ಗೋಡೆಯೂ ಅಲ್ಲ, ಮುಖವೂ ಅಲ್ಲ. ಅದಕ್ಕೂ ಒಂದು ದೋಷ ಇದೆ. ಸ್ವಲ್ಪ ತಡೆದರೆ ಮಾತು ಮುಗಿಯಿತು ಅಂದುಕೊಂಡು ತಾನೇ ಶುರು ಮಾಡುತ್ತದೆ.

"ನಿ... ನಿಮ್ಮ ಹಂಗೇ, ಅಣ್ಣಾರೆ" ಅಂದ ರುದ್ರಣ್ಣ.

ಬೈಯೋಕೆ ಅಂದಿದ್ದಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೀಗರು ಬಂದದ್ದು ಒಂದು ಭಾನುವಾರ. ಹಿರಿಯರ ಕಡೆಯಿಂದ ಒಬ್ಬರು ಇರಲಿ ಅಂತ ನನ್ನನ್ನೂ ಕರೆದಿದ್ದ. ಗೌರಮ್ಮ ಉಪ್ಪಿಟ್ಟು, ಕೇಸರಿಬಾತ್ ಮಾಡಿದ್ದರು. ರುದ್ರಣ್ಣ ಬಿಳಿ ಅಂಗಿ ಹಾಕಿಕೊಂಡು ಬೆಳಿಗ್ಗೆಯಿಂದ ಹಿತ್ತಿಲಲ್ಲಿದ್ದ. ತೆಂಗಿನ ಗಿಡದ ಹತ್ತಿರ "ಹಲೋ, ಹಲೋ" ಅನ್ನೋದು ಎರಡು ಸಲ ಕೇಳಿತು.

ಕಾರು ನಿಂತಿತು. ಹುಡುಗನ ಅಪ್ಪ ಎತ್ತರದ ಮನುಷ್ಯ, ಮೇಷ್ಟ್ರಾಗಿ ರಿಟೈರ್ ಆದವರು. ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರ ಬಂದರು. ರುದ್ರಣ್ಣ ಕೈ ಮುಗಿದ.

"ನ..."

ನಿಂತಿತು. ಅವನ ಕತ್ತಿನ ನರ ಬಿಗಿದದ್ದು ಕಂಡಿತು. ಗೌರಮ್ಮನ ಬಾಯಿ ತೆರೆಯಿತು. ನನ್ನದೂ ತೆರೆದಿತ್ತು, ಇನ್ನೇನು ನಾನೇ ಅಂದುಬಿಡುತ್ತಿದ್ದೆ. ಹಲ್ಲು ಕಚ್ಚಿ ಹಿಡಿದೆ. ಗೌರಮ್ಮನ ಕಡೆ ನೋಡಿ ತಲೆ ಅಲ್ಲಾಡಿಸಿದೆ. ಆ ತಾಯಿ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನಾದರು.

ರುದ್ರಣ್ಣ ಕಣ್ಣು ಮುಚ್ಚಿದ. ಉಸಿರು ಬಿಟ್ಟ. "ಹಲೋ" ಅಂತ ಮೆಲ್ಲಗೆ, ಯಾರಿಗೂ ಅಲ್ಲ ಅನ್ನೋ ಹಾಗೆ ಅಂದ. "ನ... ನ... ನಮಸ್ಕಾರ. ಬರ್ರಿ."

ಮೇಷ್ಟ್ರು ಅಷ್ಟು ಹೊತ್ತೂ ಮುಗಿದ ಕೈ ಇಳಿಸದೆ ನಿಂತಿದ್ದರು. "ನಮಸ್ಕಾರ್ರೀ" ಅಂದು ಒಳಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ಪವಿತ್ರಾ ನಿಂತಿದ್ದಳು. ಅವಳು ಹುಡುಗನ ಕಡೆ ನೋಡಲೇ ಇಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

ಮಾತುಕತೆ ಇನ್ನೂ ನಡೆಯುತ್ತಿದೆ. ಜಾತಕ, ಮುಹೂರ್ತ ಅದೂ ಇದೂ ಇರುತ್ತದಲ್ವಾ.

ರುದ್ರಣ್ಣ ಈಗಲೂ ಬಿಡುವಾದಾಗ ಬಗ್ಗುತ್ತಾನೆ. ಹೊಸ ಮಾತು ಹಿಡಿದಿದ್ದಾನೆ, "ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ" ಅಂತ. ಮ ಕೂಡ ಕಷ್ಟವೇ, ತುಟಿ ಮುಚ್ಚಬೇಕು. ಮೊನ್ನೆ ಒಬ್ಬ ಹಮಾಲ ಹುಡುಗ ಬಂದು ಬೆಂಚು ತಟ್ಟಿ, "ಎರಡು ಅರ್ಧ ಕೊಡಣ್ಣ, ಬೇಗ" ಅಂದ. ನಾನು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

"ಒಂದು ನಿಮಿಷ ಇರಪ್ಪ. ಮಾತಾಡ್ತಿದಾನೆ."