ದಿನಾಂಕಗಳಷ್ಟೇ ಸ್ವವಿವರವಲ್ಲ

ಸಂದರ್ಶನಕ್ಕೆ ಬಂದ ಇಪ್ಪತ್ತೆಂಟರ ಯುವತಿಯ ಸ್ವವಿವರದಲ್ಲಿ ಐದಾರು ವರ್ಷಗಳ ಅವಧಿಗೆ ನಾಲ್ಕು ಕಂಪನಿಗಳ ಹೆಸರಿದ್ದರೆ, ಮೇಜಿನ ಈಚೆ ಕುಳಿತ ಹಿರಿಯರ ಕಣ್ಣು ಮೊದಲು ಹೋಗುವುದು ಆಕೆ ಮಾಡಿದ ಕೆಲಸದ ಮೇಲಲ್ಲ, ದಿನಾಂಕಗಳ ಮೇಲೆ. 14 ತಿಂಗಳು, 9 ತಿಂಗಳು, ಎರಡೂವರೆ ವರ್ಷ, 11 ತಿಂಗಳು. ‘ಈಕೆ ಒಂದು ಕಡೆ ನಿಲ್ಲುವವಳಲ್ಲ’ ಎಂಬ ತೀರ್ಮಾನ ಆಕೆ ಬಾಯಿ ತೆರೆಯುವ ಮೊದಲೇ ಆಗಿಬಿಟ್ಟಿರುತ್ತದೆ. ಆಮೇಲೆ ಕೇಳುವ ಪ್ರಶ್ನೆಗಳೆಲ್ಲ ಆ ತೀರ್ಮಾನಕ್ಕೆ ಸಾಕ್ಷಿ ಹುಡುಕುವ ಪ್ರಶ್ನೆಗಳೇ.

ಅದೇ ನಾಲ್ಕು ಸಾಲುಗಳನ್ನು ಬಿಡಿಸಿ ನೋಡೋಣ. ಮೊದಲನೆಯದು ಅವಧಿ ಗೊತ್ತುಪಡಿಸಿದ ಗುತ್ತಿಗೆಯ ಕೆಲಸ. ಅವಧಿ ಮುಗಿಯಿತು, ಹೊರಬಂದಳು. ಎರಡನೆಯ ಕಡೆ ಆಕೆ ಇದ್ದ ವಿಭಾಗವನ್ನೇ ಮುಚ್ಚಿದರು. ಮೂರನೆಯ ಕಡೆ ಎರಡೂವರೆ ವರ್ಷ ದುಡಿದು ಚೆನ್ನಾಗಿ ಕಲಿತಳು, ಆದರೆ ಮೇಲಿನ ಹುದ್ದೆಯಲ್ಲಿದ್ದವರು ಕದಲುವ ಸೂಚನೆಯಿರಲಿಲ್ಲ. ನಾಲ್ಕನೆಯ ಕಡೆ ಸಂದರ್ಶನದಲ್ಲಿ ಹೇಳಿದ ಕೆಲಸ ಒಂದು, ಸೇರಿದ ಮೇಲೆ ಕೊಟ್ಟ ಕೆಲಸ ಇನ್ನೊಂದು. ಹೀಗೆ ನಾಲ್ಕು ನಿರ್ಗಮನಗಳಲ್ಲಿ ಎರಡು ಆಕೆಯ ಆಯ್ಕೆಯೇ ಅಲ್ಲ, ಮೂರನೆಯದರಲ್ಲಿ ಚಂಚಲತೆಯ ಸುಳಿವಿಲ್ಲ, ನಾಲ್ಕನೆಯದರಲ್ಲಿ ಮಾತು ತಪ್ಪಿದವರು ಬೇರೆಯವರು. ಸ್ವವಿವರದ ದಿನಾಂಕಗಳು ಇದಾವುದನ್ನೂ ಹೇಳುವುದಿಲ್ಲ. ಕೇಳಿದರೆ ಮಾತ್ರ ತಿಳಿಯುತ್ತದೆ.

‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ಇಂಥ ಲೆಕ್ಕವನ್ನು ದಶಕಗಳಿಂದ ಇಟ್ಟುಕೊಂಡು ಬಂದಿರುವುದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ. 1957ರಿಂದ 1964ರ ನಡುವೆ ಹುಟ್ಟಿದವರನ್ನು, ಎಂದರೆ ಇಂದು ನಿವೃತ್ತರಾದ ಅಥವಾ ಅದರ ಅಂಚಿನಲ್ಲಿರುವ ಪೀಳಿಗೆಯನ್ನು, ಅದು ದೀರ್ಘಕಾಲ ಹಿಂಬಾಲಿಸಿ ನೋಡಿದೆ. ಅವರು ಹದಿನೆಂಟನೆಯ ವಯಸ್ಸಿನಿಂದ ಐವತ್ತರ ದಶಕದ ನಡುವಿನವರೆಗೆ ಸರಾಸರಿ 12ಕ್ಕೂ ಹೆಚ್ಚು ಕೆಲಸಗಳನ್ನು ಮಾಡಿದ್ದರು, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ 25 ತುಂಬುವ ಮೊದಲಿನವು. ಓದಿನ ನಡುವೆ ಮಾಡಿದ ಸಣ್ಣಪುಟ್ಟ ಕೆಲಸಗಳೂ ಇದರಲ್ಲಿ ಸೇರಿವೆ, ನಿಜ. ಆದರೆ ಅದೇ ಇಲಾಖೆಯ ಇನ್ನೊಂದು ಲೆಕ್ಕವೂ ಇದೇ ದಿಕ್ಕನ್ನು ತೋರಿಸುತ್ತದೆ: 25ರಿಂದ 34 ವಯಸ್ಸಿನವರು ಒಬ್ಬ ಉದ್ಯೋಗದಾತರ ಬಳಿ ಇದ್ದ ಮಧ್ಯಮಾಂಕದ ಅವಧಿ 1983ರಲ್ಲಿ 3 ವರ್ಷ, 2024ರಲ್ಲಿ 2.7 ವರ್ಷ. ನಾಲ್ಕು ದಶಕಗಳ ಅಂತರ ಕೆಲವೇ ತಿಂಗಳು. 2024ರಲ್ಲೇ 55ರಿಂದ 64 ವಯಸ್ಸಿನವರ ಅವಧಿ 9.6 ವರ್ಷ. ಒಂದು ದೇಶದ ಅಂಕಿಯನ್ನು ಎಲ್ಲೆಡೆಗೂ ಹಾಗೆಯೇ ಹಚ್ಚಲಾಗದು. ಆದರೂ ಇದರಿಂದ ಒಂದು ಎಚ್ಚರ ಹುಟ್ಟಬೇಕು: ನಾವು ಪೀಳಿಗೆಯ ಗುಣವೆಂದು ಕರೆಯುತ್ತಿರುವುದರಲ್ಲಿ ದೊಡ್ಡ ಪಾಲು ಬಹುಶಃ ವಯಸ್ಸಿನ ಗುಣ. ಐವತ್ತೈದರ ವ್ಯವಸ್ಥಾಪಕರು ತಮ್ಮ ಈಗಿನ ಸ್ಥಿರತೆಯನ್ನು ಇಪ್ಪತ್ತೈದರವರ ಪಕ್ಕದಲ್ಲಿಟ್ಟು ಅಳೆದರೆ ಆ ಅಳತೆ ನ್ಯಾಯವಾಗುವುದಿಲ್ಲ.

ಹಾಗಾದರೆ ಯುವಕರು ಬಿಡುವುದೇಕೆ? ಬೇಸರ, ಮೇಲಧಿಕಾರಿಯ ವರ್ತನೆ, ಮನೆಯ ಪರಿಸ್ಥಿತಿ ಎಲ್ಲವೂ ಉಂಟು. ಆದರೆ ಹಿರಿಯರು ಬಾಯಿಬಿಟ್ಟು ಹೇಳಲು ಹಿಂಜರಿಯುವ ಕಾರಣವೆಂದರೆ ಸಂಬಳ. 1992ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ ಅವರ ಅಧ್ಯಯನವು ಅಮೆರಿಕದ ಯುವ ಪುರುಷ ಕಾರ್ಮಿಕರ ಮೊದಲ ಹತ್ತು ವರ್ಷಗಳನ್ನು ಪರಿಶೀಲಿಸಿತು. ಆ ಅವಧಿಯಲ್ಲಿ ಸಾಮಾನ್ಯವಾಗಿ ಒಬ್ಬನು ಏಳು ಕೆಲಸಗಳನ್ನು ಮಾಡಿರುತ್ತಿದ್ದ. ವೃತ್ತಿಯ ಆರಂಭದಲ್ಲಿ ಆದ ವೇತನ ಏರಿಕೆಯ ಕನಿಷ್ಠ ಮೂರನೆಯ ಒಂದು ಭಾಗ ಕೆಲಸ ಬದಲಿಸಿದಾಗಲೇ ದಕ್ಕಿತ್ತು. ಅಂದರೆ ಇದು ಇಂದು ನಿನ್ನೆಯ ಕಥೆಯಲ್ಲ.

ಇದರ ಹಿಂದಿರುವ ವ್ಯವಸ್ಥೆ ಕಂಪನಿಗಳೇ ಕಟ್ಟಿದ್ದು. ಒಳಗಿರುವವರಿಗೆ ವಾರ್ಷಿಕ ಹೆಚ್ಚಳವನ್ನು ಹಳೆಯ ಸಂಬಳದ ಮೇಲೆ ಇಂತಿಷ್ಟು ಶೇಕಡ ಎಂದು ಲೆಕ್ಕ ಹಾಕುತ್ತಾರೆ. ಹೊರಗಿನಿಂದ ಬರುವವರಿಗೆ ಅಂದಿನ ಮಾರುಕಟ್ಟೆಯ ದರ ಕೊಡುತ್ತಾರೆ. ಮಾರುಕಟ್ಟೆ ವೇಗವಾಗಿ ಏರಿದ ವರ್ಷಗಳಲ್ಲಿ, ಮೂರು ವರ್ಷ ದುಡಿದ ಹುಡುಗನೇ ಹೊಸಬನಿಗೆ ಕೆಲಸ ಕಲಿಸುತ್ತಾನೆ, ಮತ್ತು ಆ ಹೊಸಬ ಅವನಿಗಿಂತ ಹೆಚ್ಚು ಸಂಬಳ ಪಡೆಯುತ್ತಿರುತ್ತಾನೆ. ಈ ಸಂಗತಿ ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ಇರುವವನನ್ನು ಉಳಿಸಿಕೊಳ್ಳಲು ಹಣ ಕೇಳಿದರೆ ‘ಬಜೆಟ್ ಇಲ್ಲ’ ಎನ್ನುವ ಕಚೇರಿಯೇ, ಅವನು ಹೋದ ಮೇಲೆ ಆ ಜಾಗಕ್ಕೆ ಅದಕ್ಕಿಂತ ಹೆಚ್ಚು ಮಂಜೂರು ಮಾಡುತ್ತದೆ. ಇಂಥ ಕಡೆ ಹೊರಟವನನ್ನು ಹಣದಾಸೆಯವನೆಂದು ಜರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ನಿಷ್ಠೆಯ ಮಾತೂ ಇದಕ್ಕೆ ಅಂಟಿಕೊಂಡಿದೆ. ಸೇವಾವಧಿ ಉದ್ದವಾದಷ್ಟೂ ಪಿಂಚಣಿ ಹೆಚ್ಚುತ್ತಿದ್ದ ಕಾಲದಲ್ಲಿ ಒಂದೇ ಕಡೆ ಉಳಿಯುವುದಕ್ಕೆ ಕಣ್ಣಿಗೆ ಕಾಣುವ ಪ್ರತಿಫಲವಿತ್ತು. ಇಂದು ಅನೇಕ ಕಡೆ ನಿವೃತ್ತಿಯ ಉಳಿತಾಯ ಉದ್ಯೋಗಿಯ ಹೆಸರಿನ ಖಾತೆಯಲ್ಲಿದ್ದು, ಅವನು ಹೋದಲ್ಲೆಲ್ಲ ಹಿಂದೆಯೇ ಹೋಗುತ್ತದೆ. ಜೊತೆಗೆ, ಸಾಮೂಹಿಕ ವಜಾಗಳನ್ನು ಇಂದಿನ ಯುವಕರು ವೃತ್ತಿಯ ಹೊಸ್ತಿಲಲ್ಲೇ ಕಂಡಿದ್ದಾರೆ. ಹದಿನೈದು ವರ್ಷ ದುಡಿದ ಹಿರಿಯ ಸಹೋದ್ಯೋಗಿ ಒಂದು ಮಧ್ಯಾಹ್ನ ಗುರುತಿನ ಚೀಟಿ ಒಪ್ಪಿಸಿ ಹೋದದ್ದನ್ನು ನೋಡಿದವರು ತಮ್ಮ ಭದ್ರತೆಯನ್ನು ಕಂಪನಿಯಲ್ಲಿ ಅಲ್ಲ, ತಮ್ಮ ಕೌಶಲದಲ್ಲಿ ಹುಡುಕಿದರೆ ಆಶ್ಚರ್ಯವೇನು? ಅವರಲ್ಲಿ ಬಹುತೇಕರು ಕೆಲಸದ ಬಗ್ಗೆ ಉದಾಸೀನರಲ್ಲ. ವರ್ಷವೊಂದು ಕಳೆದರೂ ಹೊಸದೇನನ್ನೂ ಕಲಿಯಲಿಲ್ಲವೆಂಬ ಆತಂಕವೇ ಅವರನ್ನು ಎಬ್ಬಿಸುವುದು.

ಇಷ್ಟು ಹೇಳಿದ ಮೇಲೆ ವ್ಯವಸ್ಥಾಪಕರ ಸಂಕಟವನ್ನೂ ಒಪ್ಪಬೇಕು. ಒಬ್ಬರು ಹೋದಾಗ ಅವರ ಪಾಲಿನ ಕೆಲಸ ಉಳಿದವರ ಹೆಗಲೇರುತ್ತದೆ. ಪದೇ ಪದೇ ಬಿಡುವುದರಿಂದ ಯುವಕರಿಗೂ ಒಂದು ನಿಜವಾದ ನಷ್ಟವಿದೆ: ತಾವು ತೆಗೆದುಕೊಂಡ ನಿರ್ಧಾರದ ಫಲ ಕಾಣುವ ಮೊದಲೇ ಅವರು ಹೊರಟುಹೋಗಿರುತ್ತಾರೆ. ಕಟ್ಟಿದ್ದು ಎಲ್ಲಿ ಬಿರುಕು ಬಿಟ್ಟಿತು, ಅದನ್ನು ಸರಿಪಡಿಸಲು ಎಷ್ಟು ಕಷ್ಟವಾಯಿತು ಎಂಬುದು ಎರಡನೆಯ, ಮೂರನೆಯ ವರ್ಷದಲ್ಲಿ ಮಾತ್ರ ತಿಳಿಯುವ ವಿದ್ಯೆ. ಆದ್ದರಿಂದ ಸಂದರ್ಶನದಲ್ಲಿ ‘ಏಕೆ ಇಷ್ಟು ಬೇಗ ಬಿಟ್ಟಿರಿ?’ ಎನ್ನುವುದಕ್ಕಿಂತ ‘ನೀವು ಆರಂಭಿಸಿ ಕೊನೆಯವರೆಗೂ ಜೊತೆಗಿದ್ದ ಕೆಲಸ ಯಾವುದು, ಅದರಲ್ಲಿ ಏನು ತಪ್ಪಿತು?’ ಎಂದು ಕೇಳುವುದು ಹೆಚ್ಚು ಫಲಕಾರಿ. ಉತ್ತರದಲ್ಲಿ ವಿವರವಿದ್ದರೆ ತಿಂಗಳುಗಳ ಎಣಿಕೆ ಗೌಣ. ಪ್ರತಿ ಕೆಲಸದಲ್ಲೂ ತಪ್ಪು ಬೇರೆಯವರದೇ ಆಗಿ, ಹೇಳುವುದಕ್ಕೆ ಮುಗಿಸಿದ ಕೆಲಸ ಒಂದೂ ಇಲ್ಲದಿದ್ದರೆ ಅನುಮಾನಿಸುವುದು ಸರಿಯೇ. ಆ ಅನುಮಾನಕ್ಕೆ ಆಗ ಒಂದು ಆಧಾರವಿರುತ್ತದೆ.

ಈಗಾಗಲೇ ತಂಡದಲ್ಲಿರುವವರ ವಿಷಯದಲ್ಲಿ, ನಿರ್ಗಮನ ಸಂದರ್ಶನಕ್ಕಾಗಿ ಕಾಯುವ ಪದ್ಧತಿಯನ್ನು ಬಿಡಬೇಕು. ಹೊರಡುವವರು ಅಲ್ಲಿ ನಿಜ ಹೇಳುವುದು ಕಡಿಮೆ, ಏಕೆಂದರೆ ಅನುಭವ ಪತ್ರ ಇನ್ನೂ ಕೈಗೆ ಬಂದಿರುವುದಿಲ್ಲ. ಅದೇ ಪ್ರಶ್ನೆಗಳನ್ನು ಆರನೆಯ ತಿಂಗಳಲ್ಲಿ ಕೇಳಬಹುದು: ಸೇರುವಾಗ ಹೇಳಿದ ಕೆಲಸವೇ ಸಿಕ್ಕಿದೆಯೇ, ಮುಂದಿನ ವರ್ಷ ಏನು ಕಲಿಯಬೇಕೆಂದಿದ್ದೀರಿ, ಅದು ಇಲ್ಲಿ ಸಾಧ್ಯವೆಂದು ಅನಿಸುತ್ತದೆಯೇ? ಸಾಧ್ಯವಿಲ್ಲದಿದ್ದರೆ ಹಾಗೆಂದು ಹೇಳಿಬಿಡುವುದು ಒಳ್ಳೆಯದು. ಹುಸಿ ಭರವಸೆ ನೆಚ್ಚಿ ಒಂದು ವರ್ಷ ಕಳೆದವರು ಹೋಗುವಾಗ ಕಹಿಯಾಗಿಯೇ ಹೋಗುತ್ತಾರೆ.

ಸಂಬಳದ ಬಗ್ಗೆ ವ್ಯವಸ್ಥಾಪಕರ ಅಧಿಕಾರ ಸೀಮಿತ, ಆದರೂ ಒಂದು ಕೆಲಸ ಅವರ ಕೈಯಲ್ಲಿದೆ. ವರ್ಷಕ್ಕೊಮ್ಮೆ, ಹೆಚ್ಚಳದ ಪಟ್ಟಿ ಕಳುಹಿಸುವ ಮೊದಲು, ತಂಡದ ಪ್ರತಿಯೊಬ್ಬರ ಹೆಸರಿನ ಮುಂದೆ ‘ಇವರು ನಾಳೆ ಹೋದರೆ ಇದೇ ಕೆಲಸಕ್ಕೆ ಹೊಸಬರಿಗೆ ಎಷ್ಟು ಕೊಡಬೇಕಾಗುತ್ತದೆ’ ಎಂದು ಬರೆದು, ಎರಡು ಅಂಕಿಗಳ ಅಂತರ ದೊಡ್ಡದಾಗಿರುವ ಹೆಸರುಗಳನ್ನು ಮಾನವ ಸಂಪನ್ಮೂಲ ವಿಭಾಗದ ಮುಂದೆ ಲಿಖಿತವಾಗಿ ಇಡಬೇಕು. ರಾಜೀನಾಮೆ ಮೇಜಿಗೆ ಬಂದ ಮೇಲೆ ಸಂಬಳ ಏರಿಸುವುದಾಗಿ ಹೇಳಿದರೆ, ಹಣ ಮೊದಲಿನಿಂದಲೂ ಇತ್ತು, ಕೊಡುವ ಮನಸ್ಸಿರಲಿಲ್ಲ ಎಂದಷ್ಟೇ ಆ ಯುವಕನಿಗೆ ಅರ್ಥವಾಗುತ್ತದೆ.