ವಿಷಯ: ‘ಚಿತ್ರದುರ್ಗ’ದಲ್ಲಿ ಎಷ್ಟು ಅಕ್ಷರ? ಅತಿಥಿ ಲೇಖನ ಬರೆಯುವ ಬಗ್ಗೆ

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮಂಡಿಗಳಿಗೆ ತೂಕದ ಚೀಟಿ, ಲೆಕ್ಕದ ಪಟ್ಟಿ ಮಾಡುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ನಿಮಗೊಂದು ಲೇಖನ ಬರೆದುಕೊಡೋಣ ಅಂತ ಈ ಮೇಲ್.

ಮೆಕ್ಕೆಜೋಳದ ಸುಗ್ಗಿ. ಮಂಡಿಯಲ್ಲಿ ಜನವೋ ಜನ. ಚೀಟಿ ಸಣ್ಣದು, ಹಾಗಾಗಿ ಊರಿನ ಹೆಸರಿಗೆ 9 ಅಕ್ಷರ ಸಾಕು ಅಂತ ಕೋಡ್‌ನಲ್ಲಿ `town[:9]` ಅಂತ ಬರೆದಿದ್ದೆ. ಒಬ್ಬ ರೈತರು ಚೀಟಿ ಹಿಡಿದುಕೊಂಡು ವಾಪಸ್ ಬಂದರು. “ಏನ್ ಸ್ವಾಮಿ, ನಮ್ ದುರ್ಗದ ಬಾಲಾನೇ ಕತ್ತರಿಸಿಬಿಟ್ಟೀರಲ್ಲ?” ನೋಡಿದರೆ ‘ಚಿತ್ರದುರ್’ ಅಂತ ಇದೆ. ನಾಲ್ಕೇ ಅಕ್ಷರದ ಊರು ಒಂಬತ್ತರ ಜಾಗದಲ್ಲಿ ಹಿಡಿಸಲಿಲ್ಲ ಅಂದರೆ ಏನರ್ಥ?

ಆ ರಾತ್ರಿ ಕೂತು ಎಣಿಸಿದೆ.

```python
import regex
s = "ಚಿತ್ರದುರ್ಗ"
print(len(s.encode("utf-8")))        # 30
print(len(s))                        # 10
print(len(regex.findall(r"\X", s)))  # 6
```

ಒಂದೇ ಹೆಸರು. ಬೈಟ್ ಲೆಕ್ಕದಲ್ಲಿ 30, ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ 10. ಶಾಲೆಗೆ ಹೋಗುವ ಮಗುವನ್ನು ಕೇಳಿದರೆ ಚಿ, ತ್ರ, ದು, ರ್ಗ ಅಂತ ನಾಲ್ಕು. ಕಂಪ್ಯೂಟರ್ ಗುಣಿತದ ಚಿಹ್ನೆಯನ್ನು ಬೇರೆ ಎಣಿಸುತ್ತದೆ, ಒತ್ತಕ್ಷರದ ನಡುವಿನ ಹಲಂತ್ ಚಿಹ್ನೆಯನ್ನೂ ಬೇರೆ ಎಣಿಸುತ್ತದೆ. ಅರ್ಕಾವತ್ತು ಕಣ್ಣಿಗೆ ‘ಗ’ ಆದಮೇಲೆ ಕಂಡರೂ ಒಳಗೆ ‘ರ’ ಮೊದಲೇ ಕೂತಿರುತ್ತದೆ. ಅದಕ್ಕೇ ಒಂಬತ್ತಕ್ಕೆ ಕತ್ತರಿ ಹಾಕಿದಾಗ ‘ಗ’ ಹೋಯಿತು, ‘ರ್’ ಉಳಿಯಿತು.

ಆದರೆ ಆ 6 ಎಲ್ಲಿಂದ ಬಂತು? ಲೇಖನದ ಜೀವ ಇರುವುದೇ ಇಲ್ಲಿ. `\X` ಅಂದರೆ ‘ಓದುಗರಿಗೆ ಒಂದು ಅಕ್ಷರವಾಗಿ ಕಾಣುವಷ್ಟು’ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಕನ್ನಡದಲ್ಲಿ ಅದು ತ್ + ರ, ರ್ + ಗ ಅಂತ ಒತ್ತಕ್ಷರವನ್ನು ಒಡೆದುಬಿಡುತ್ತದೆ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೆಯದ ಹಾಗೆ ಹೊಸ ನಿಯಮ ಸೇರಿಸಿದರು. ದೇವನಾಗರಿ, ತೆಲುಗು, ಮಲಯಾಳಂ ಅದರೊಳಗೆ ಇವೆ. ಕನ್ನಡ ಇಲ್ಲ! ಪಕ್ಕದ ತೆಲುಗಿನವರಿಗೆ ಲೈಬ್ರರಿ ಮಾಡಿಕೊಡುವ ಕೆಲಸವನ್ನು ನಾವು ಕೈಯಾರೆ ಮಾಡಿಕೊಳ್ಳಬೇಕು. ಅದಕ್ಕೆ ನಾನು ಬಳಸುವ ಸಣ್ಣ ರೆಗೆಕ್ಸ್ ಅನ್ನು ಲೇಖನದಲ್ಲಿ ಸಾಲು ಸಾಲಾಗಿ ಬಿಡಿಸುತ್ತೇನೆ. ‘ಫೋನ್‌ನಲ್ಲಿ’ ಅನ್ನುವಂಥ ಪದದಲ್ಲಿ ಕಣ್ಣಿಗೆ ಕಾಣದ U+200C ಅಡಗಿರುತ್ತದಲ್ಲ, ಅದು ಕೊಡುವ ಕಾಟವನ್ನೂ ಬಿಡುವುದಿಲ್ಲ.

ಎರಡನೇ ಪ್ರಸಂಗ ಎಸ್ಸೆಮ್ಮೆಸ್ಸಿನದು. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡಕ್ಕೆ ಬಂದರೆ ಸಾಮಾನ್ಯವಾಗಿ 70, ಅದೂ ಈ ಸಂಕೇತಗಳ ಲೆಕ್ಕದಲ್ಲಿ. ಮೀರಿದರೆ ಮೆಸೇಜು ತುಂಡಾಗಿ ಒಂದೊಂದು ತುಂಡಿಗೆ 67 ಮಾತ್ರ. ರೈತರಿಗೆ ಕಳಿಸುವ ಮೆಸೇಜು ನಲವತ್ತು ಚಿಲ್ಲರೆ ಅಕ್ಷರ ಅಂತ ಕಣ್ಣಳತೆಯಲ್ಲಿ ಬರೆದಿದ್ದೆ. ತಿಂಗಳ ಕೊನೆಗೆ ಮಂಡಿಯ ಸಾಹುಕಾರರಿಗೆ ಎರಡರಷ್ಟು ಬಿಲ್ ಬಂತು. ಬೈಸಿಕೊಂಡೆ. ‘ಒಟ್ಟು ಮೊತ್ತ’ ಅನ್ನುವುದನ್ನು ‘ಹಣ’ ಅಂತ ಬದಲಿಸಿದ್ದರಿಂದಲೇ ಒಂಬತ್ತು ಸಂಕೇತ ಉಳಿದವು.

ಹೆಸರು ಹುಡುಕಿದರೆ ಸಿಗದಿರುವ ತೊಂದರೆಯನ್ನು (‘ಕೋ’ ಅನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಸೇವ್ ಮಾಡಬಹುದು, ಹೊರಗೆ ಎಲ್ಲವೂ ಒಂದೇ ಥರ ಕಾಣುತ್ತವೆ) ಒಂದು ಪ್ಯಾರಾದಲ್ಲಿ ಮುಗಿಸುತ್ತೇನೆ. ಥರ್ಮಲ್ ಪ್ರಿಂಟರಿನಲ್ಲಿ ಕನ್ನಡ ಮೂಡಿಸಲು ಪಟ್ಟ ಪಾಡು ಬೇರೆಯೇ ಕತೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ನಿಮ್ಮ ಓದುಗರಲ್ಲಿ ಹೊಸದಾಗಿ ಕೋಡಿಂಗ್ ಕಲಿಯುತ್ತಿರುವವರು ಜಾಸ್ತಿ ಅಂತ ನನ್ನ ಅಂದಾಜು. ಅವರೆಲ್ಲ `len()` ಕಲಿತಿರುವುದು ಇಂಗ್ಲಿಷ್ ಪದಗಳ ಮೇಲೆ, ಅಲ್ವಾ? ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸಾಕು, ಓದಿಕೊಂಡು ಹೋಗಬಹುದು.

ಲೇಖನ ಸುಮಾರು 1,500 ಪದ, ನಾಲ್ಕೈದು ಸಣ್ಣ ಕೋಡ್ ತುಣುಕು, ಚೀಟಿಯ ಒಂದು ಫೋಟೋ (ರೈತರ ಹೆಸರು, ಮೊತ್ತ ಅಳಿಸಿ ಕೊಡುತ್ತೇನೆ). ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆ ಯಾರಿಗೂ ಕಳಿಸಿಲ್ಲ. ನೀವು ಹ್ಞೂಂ ಅಂದ ದಿನದಿಂದ ಹತ್ತು ದಿನದಲ್ಲಿ ಕೊಡುತ್ತೇನೆ. ಭಾಷೆ ತಿದ್ದಿ, ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ, ಬೇಜಾರಿಲ್ಲ. ಕೋಡ್ ಬದಲಿಸುವುದಿದ್ದರೆ ಮಾತ್ರ ಒಂದು ಮಾತು ಕೇಳಿ, ಓಡಿಸಿ ನೋಡಿ ಹೇಳುತ್ತೇನೆ.

ಇದಕ್ಕೆ ಮುಂಚೆ ನಾನು ಎಲ್ಲೂ ಬರೆದವನಲ್ಲ. ಹಾಗಾಗಿ ಮೊದಲ 300 ಪದ ಬರೆದು ಈ ಮೇಲ್‌ಗೇ ಲಗತ್ತಿಸಿದ್ದೇನೆ, ನನ್ನ ಕನ್ನಡ ನಡೆಯುತ್ತದೋ ಇಲ್ಲವೋ ನೋಡಿ. ಎರಡು ವಾರ ಕಾಯುತ್ತೇನೆ. ಬೇಡ ಅನ್ನಿಸಿದರೂ ಒಂದು ಸಾಲು ಬರೆದುಬಿಡಿ, ಬೇರೆ ಕಡೆ ಪ್ರಯತ್ನಿಸಲು ಅನುಕೂಲ.

ಇಂತಿ,
ಮಂಜುನಾಥ
ವಿದ್ಯಾನಗರ, ದಾವಣಗೆರೆ